ಷೇರುದಾರರೇ ಇಲ್ಲದ ಸಂಘಕ್ಕೆ ಡಿಸ್ಕೌಂಟ್ ದರ ಎಷ್ಟು? ಕಲಬುರಗಿ ತೊಗರಿ ಗೋದಾಮಿನ ಒಂದು ಲೆಕ್ಕ

ಕಲಬುರಗಿ ಜಿಲ್ಲೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ 1,000 ಟನ್ನಿನ ಗೋದಾಮು ಕಟ್ಟಬೇಕೆಂದಿದೆ ಎಂದುಕೊಳ್ಳೋಣ. ಸಂಘಕ್ಕೆ ಹೆಸರಿಲ್ಲ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಮಾದರಿ, ಅದರ ಅಂಕಿಗಳೂ ನಾವೇ ಹಾಕಿಕೊಂಡವು. ಆದರೆ ಆಡಳಿತ ಮಂಡಳಿಯ ಮೇಜಿನ ಮೇಲೆ ನಡೆಯುವ ವಾದ ಮಾತ್ರ ಆಳಂದದಿಂದ ಚಿಂಚೋಳಿವರೆಗೆ ಎಲ್ಲಿ ಕೂತರೂ ಕೇಳಿಬರುವಂಥದ್ದು.

ವಾದ ಡಿಸ್ಕೌಂಟ್ ದರದ್ದು: ಮುಂದಿನ ವರ್ಷಗಳಲ್ಲಿ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಲು ವರ್ಷಕ್ಕೆ ಯಾವ ದರ ಹಿಡಿಯಬೇಕು? ಕಟ್ಟಡಕ್ಕೆ 80 ಲಕ್ಷ ಬೇಕು. ಅದರಲ್ಲಿ 64 ಲಕ್ಷ ಸಾಲ, 16 ಲಕ್ಷ ಸಂಘದ ಸ್ವಂತ ನಿಧಿ. ಪ್ರಾಥಮಿಕ ಸಂಘಗಳಿಗೆ ನಬಾರ್ಡ್ ಮರುಹಣಕಾಸಿನ ಮೂಲಕ ಶೇ 4ರ ಸಾಲ ಸಿಗುತ್ತದೆ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಿಂದ 2 ಕೋಟಿವರೆಗಿನ ಸಾಲಕ್ಕೆ, ಗರಿಷ್ಠ 7 ವರ್ಷ, ಶೇ 3ರಷ್ಟು ಬಡ್ಡಿ ಸಹಾಯಧನ ಸಿಗುತ್ತದೆ. ಎರಡೂ ಸೇರಿದರೆ ಸಂಘ ಕಟ್ಟಬೇಕಾದ ಬಡ್ಡಿ ಶೇ 1. "ಬಡ್ಡಿ ಒಂದೇ ಪರ್ಸೆಂಟ್ ಅದ ಅಂದಮ್ಯಾಲ ಇನ್ನೇನ್ ಲೆಕ್ಕ ನೋಡೋದದರೀ, ಕಟ್ಟಿಬಿಡೋಣು" ಎನ್ನುತ್ತಾರೆ ಒಬ್ಬ ನಿರ್ದೇಶಕರು. ಪಟ್ಟಣದಿಂದ ಬಂದ ಲೆಕ್ಕಪರಿಶೋಧಕರು ಶೇರುಪೇಟೆಯ ಗೋದಾಮು ಕಂಪನಿಗಳನ್ನು ನೋಡಿ ಶೇ 14 ಹಿಡಿಯಿರಿ ಎನ್ನುತ್ತಾರೆ. ಮೂರನೆಯವರು, ಸ್ವತಃ ಗಂಜಿನಲ್ಲಿ ದಲಾಲಿ ಮಾಡುವ ಅಡತ್ಯಾನ ಹತ್ತಿರ ಸಾಲ ತಂದವರು, "ನಮ್ಮ ರೈತರಿಗೆ ರೊಕ್ಕ ಅಂದ್ರ ನೂರಕ್ಕ ತಿಂಗಳಿಗೆ ಎರಡು ರೂಪಾಯಿ, ಅದನ್ನ ಹಿಡೀರಿ" ಎನ್ನುತ್ತಾರೆ. ಅದು ವರ್ಷಕ್ಕೆ ಶೇ 24.

ಶೇ 1, 14, 24. ಮೂರೂ ಎಲ್ಲೋ ಇರುವ ನಿಜವಾದ ದರಗಳೇ. ಈ ಗೋದಾಮಿಗೆ ಮಾತ್ರ ಮೂರೂ ಹೊಂದುವುದಿಲ್ಲ.

ಗೋದಾಮಿನ ಆದಾಯ

ದರಕ್ಕೆ ಹೋಗುವ ಮೊದಲು ಯಾವ ಹಣವನ್ನು ಇಳಿಸುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣಬೇಕು. 1,000 ಟನ್ ಎಂದರೆ 50 ಕಿಲೋದ 20,000 ಚೀಲ. ಚೀಲಕ್ಕೆ ತಿಂಗಳಿಗೆ 10 ರೂಪಾಯಿ ಬಾಡಿಗೆ ಹಿಡಿದರೆ, ವರ್ಷಪೂರ್ತಿ ತುಂಬಿದ ಗೋದಾಮು 24 ಲಕ್ಷ ತರುತ್ತದೆ. ಆದರೆ ತೊಗರಿಯ ಗೋದಾಮು ವರ್ಷಪೂರ್ತಿ ತುಂಬುವುದಿಲ್ಲ. ರಾಶಿ ಮುಗಿದು ಜನವರಿಯಲ್ಲಿ ಅರ್ಧ ತುಂಬುತ್ತದೆ, ಫೆಬ್ರುವರಿಯಲ್ಲಿ ನೂರಕ್ಕೆ 90, ಮಾರ್ಚಿನಲ್ಲಿ 95, ಏಪ್ರಿಲ್‌ನಲ್ಲಿ 85, ಮೇ ತಿಂಗಳಲ್ಲಿ 75. ಬಿತ್ತನೆ ಖರ್ಚಿಗೆಂದು ರೈತರು ಮಾರತೊಡಗಿದ ಮೇಲೆ ಜೂನ್‌ನಲ್ಲಿ 60, ಜುಲೈಯಲ್ಲಿ 45, ಆಗಸ್ಟ್‌ನಲ್ಲಿ 30. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 15, 10, 5, 15. ಹನ್ನೆರಡನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ 48. ಅಂದರೆ ವರ್ಷದ ಬಾಡಿಗೆ 11.5 ಲಕ್ಷ.

ಖರ್ಚು 4 ಲಕ್ಷ: ಕಾವಲುಗಾರ 1.8, ಹುಳು ಹತ್ತದಂತೆ ಹೊಗೆ ಹಾಕಿಸುವುದಕ್ಕೆ 0.7, ವಿಮೆ ಮತ್ತು ವಿದ್ಯುತ್ 0.6, ದುರಸ್ತಿ 0.6, ಚಿಲ್ಲರೆ 0.3. ಉಳಿಯುವುದು ವರ್ಷಕ್ಕೆ 7.5 ಲಕ್ಷ. ಕಟ್ಟಡಕ್ಕೆ 20 ವರ್ಷ ಆಯುಷ್ಯ ಹಿಡಿದು, ಕೊನೆಗೆ ಏನೂ ಉಳಿಯುವುದಿಲ್ಲ ಎಂದುಕೊಂಡಿದ್ದೇವೆ. ಜಾಗ ಸಂಘದ್ದೇ, ಈಗ ಖಾಲಿ ಬಿದ್ದದ್ದು, ಬಾಡಿಗೆಗೆ ಕೇಳುವವರಿಲ್ಲ. ಕೇಳುವವರಿದ್ದರೆ ಆ ಬಾಡಿಗೆಯನ್ನು ಪ್ರತಿ ವರ್ಷ ಕಳೆಯಬೇಕಿತ್ತು. ಸಹಕಾರ ಸಂಘ ಗೋದಾಮು ಬಾಡಿಗೆಗೆ ಕೊಟ್ಟು ಗಳಿಸಿದ್ದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 80ಪಿ ಕಲಮಿನಲ್ಲಿ ಪೂರ್ತಿ ಕಡಿತ ಇದ್ದದ್ದರಿಂದ ತೆರಿಗೆಯನ್ನು ಹಿಡಿದಿಲ್ಲ.

ಈ 7.5 ಲಕ್ಷ ಇವತ್ತಿನ ಬೆಲೆಯಲ್ಲಿದೆ. ಬಾಡಿಗೆಯೂ ಕಾವಲುಗಾರನ ಪಗಾರವೂ ಹಣದುಬ್ಬರದ ಜೊತೆಗೇ ಏರುತ್ತವೆ ಎಂದುಕೊಂಡು, ಏರಿಕೆಯನ್ನು ಬರೆಯದೆ ಬಿಟ್ಟಿದ್ದೇವೆ. ಈ ಚಿಕ್ಕ ಮಾತು ಮುಂದೆ ದೊಡ್ಡದಾಗುತ್ತದೆ.

ಶೇ 1 ಏಕೆ ಅಲ್ಲ

ಶೇ 1ರಲ್ಲಿ ಇಳಿಸಿದರೆ 20 ವರ್ಷದ 7.5 ಲಕ್ಷಗಳ ಇಂದಿನ ಮೌಲ್ಯ 135 ಲಕ್ಷ. 80 ಹಾಕಿ 135 ಪಡೆದರೆ 55 ಲಕ್ಷ ಲಾಭ. ಇದನ್ನು ನೋಡಿದ ಯಾವ ಮಂಡಳಿಯೂ ಬೇಡ ಎನ್ನುವುದಿಲ್ಲ. ಆದರೆ ಗೋದಾಮು ಇಷ್ಟು ತುಂಬದೆ ಸರಾಸರಿ 38ಕ್ಕೇ ನಿಂತಿತು ಎನ್ನಿ. ಆಗ ಉಳಿಯುವುದು ವರ್ಷಕ್ಕೆ ಸುಮಾರು 5 ಲಕ್ಷ. ಶೇ 1ರ ಲೆಕ್ಕದಲ್ಲಿ ಅದೂ 90 ಲಕ್ಷ ಬೆಲೆಬಾಳುತ್ತದೆ, ಅದೂ ಪಾಸಾಗುತ್ತದೆ. ಹೆಚ್ಚುಕಡಿಮೆ ಏನನ್ನು ಕೊಟ್ಟರೂ ಪಾಸು ಮಾಡುವ ಜರಡಿ ಕಾಳನ್ನೂ ಕಸವನ್ನೂ ಬೇರೆ ಮಾಡುತ್ತಿಲ್ಲ ಎಂದೇ ಅರ್ಥ.

ತಪ್ಪು ಇರುವುದು ಇಲ್ಲಿ: ಶೇ 1 ಸಾಲದ ಗುಣ, ಗೋದಾಮಿನ ಗುಣವಲ್ಲ. ಸರ್ಕಾರ ಸಂಘಕ್ಕೆ ಒಂದು ಉಡುಗೊರೆ ಕೊಡುತ್ತಿದೆ. ಉಡುಗೊರೆ ದೊಡ್ಡದೇ, ಆದರೆ ಅದಕ್ಕೆ ಇಂತಿಷ್ಟು ರೂಪಾಯಿ ಎಂಬ ಅಳತೆ ಇದೆ. ಅದನ್ನು ದರದೊಳಗೆ ಸೇರಿಸಿದ ಕೂಡಲೇ ಅಳತೆ ತಪ್ಪುತ್ತದೆ, ಏಕೆಂದರೆ 7 ವರ್ಷಕ್ಕೆ ಮುಗಿಯುವ, ಕಂತು ಕಟ್ಟಿದಂತೆಲ್ಲ ಕರಗುವ 64 ಲಕ್ಷದ ಅನುಕೂಲವನ್ನು 20 ವರ್ಷದ ಪೂರ್ತಿ 80 ಲಕ್ಷಕ್ಕೆ ಹಬ್ಬಿಸಿದಂತಾಗುತ್ತದೆ. ಸಾಲದ ಶೇ 80ಕ್ಕೆ 1, ಸ್ವಂತ ಹಣದ ಶೇ 20ಕ್ಕೆ 9 ಎಂದು ಸರಾಸರಿ ತೆಗೆದು ಶೇ 2.6 ಹಿಡಿಯುವವರೂ ಇದೇ ತಪ್ಪನ್ನು ಸ್ವಲ್ಪ ಮರ್ಯಾದೆಯಿಂದ ಮಾಡುತ್ತಾರೆ, ಅಷ್ಟೆ.

ಉಡುಗೊರೆಯನ್ನು ಬೇರೆಯಾಗಿಯೇ ತೂಗೋಣ. 64 ಲಕ್ಷವನ್ನು 7 ಸಮ ಅಸಲು ಕಂತುಗಳಲ್ಲಿ, ಉಳಿದ ಅಸಲಿಗೆ ಶೇ 1 ಬಡ್ಡಿ ಸೇರಿಸಿ ಕಟ್ಟುತ್ತಾರೆ ಎನ್ನೋಣ. ಮೊದಲ ವರ್ಷ 9.14 ಲಕ್ಷ ಅಸಲು ಮತ್ತು 0.64 ಲಕ್ಷ ಬಡ್ಡಿ. ಏಳನೇ ವರ್ಷ ಅದೇ ಅಸಲು ಮತ್ತು 0.09 ಲಕ್ಷ ಬಡ್ಡಿ. ಈ ಸಹಾಯಧನ ಇಲ್ಲದಿದ್ದರೆ ಸಂಘಕ್ಕೆ ಶೇ 9ಕ್ಕೆ ಸಾಲ ಸಿಗುತ್ತಿತ್ತು ಎಂದುಕೊಂಡು ಏಳೂ ಕಂತುಗಳನ್ನು ಶೇ 9ರಲ್ಲಿ ಇಳಿಸಿದರೆ 48 ಲಕ್ಷ. ಪಡೆದದ್ದು 64, ತೀರಿಸುವುದರ ಇಂದಿನ ಮೌಲ್ಯ 48. ಉಡುಗೊರೆ 16 ಲಕ್ಷ. ಇನ್ನು ಮುಂದೆ ಈ 16 ಲಕ್ಷ ಒಂದು ಕಡೆ, ಗೋದಾಮು ಇನ್ನೊಂದು ಕಡೆ.

ಹೀಗೆ ಬೇರೆ ಮಾಡಿದರೆ ಇನ್ನೊಂದು ಲಾಭವಿದೆ. ಅದೇ ಸಾಲ ತೊಗರಿ ಸ್ವಚ್ಛಗೊಳಿಸಿ ದರ್ಜೆ ಮಾಡುವ ಯಂತ್ರಕ್ಕೂ ಸಿಗುವುದಾದರೆ, ಉಡುಗೊರೆ ಎರಡೂ ಕಡೆ ಇರುತ್ತದೆ. ಗೋದಾಮೇ ಮೇಲು ಎನ್ನುವುದಕ್ಕೆ ಅದು ಕಾರಣವಾಗುವುದಿಲ್ಲ. ಶೇ 1ರ ದರ ಹಿಡಿದವರಿಗೆ ಇದು ಕಾಣುವುದೇ ಇಲ್ಲ. ಕಡಿಮೆ ದರ ಯಾವಾಗಲೂ ಆಯುಷ್ಯ ಹೆಚ್ಚಿರುವುದಕ್ಕೆ ಒಲಿಯುತ್ತದೆ, ಹಾಗಾಗಿ 8 ವರ್ಷ ಬಾಳುವ ಯಂತ್ರದ ಎದುರು 20 ವರ್ಷ ನಿಲ್ಲುವ ಸಿಮೆಂಟಿನ ಗೋಡೆಯೇ ಪ್ರತಿ ಸಲ ಗೆಲ್ಲುತ್ತದೆ. ಬೀಗ ಹಾಕಿದ ಸಮುದಾಯ ಭವನಗಳ ಹಿಂದೆ ಎಷ್ಟೋ ಸಲ ಇದೇ ಗಣಿತ ಇರುತ್ತದೆ ಎಂಬುದು ನಮ್ಮ ಅನುಮಾನ.

ಶೇ 14 ಮತ್ತು ಶೇ 24

ಲೆಕ್ಕಪರಿಶೋಧಕರ ಶೇ 14 ಬಂದದ್ದು ಶೇರುಪೇಟೆಯಿಂದ. ಕಂಪನಿಯ ಷೇರುದಾರ ಹಣವನ್ನು ಎಲ್ಲಿ ಬೇಕಾದರೂ ಹಾಕಬಲ್ಲ, ಇಲ್ಲಿ ಹಾಕಿದ್ದಕ್ಕೆ ಪೇಟೆಯ ಏರಿಳಿತ ಅನುಭವಿಸುತ್ತಾನೆ, ಅದಕ್ಕೆ ಪ್ರತಿಫಲ ಕೇಳುತ್ತಾನೆ. ಸಹಕಾರ ಸಂಘದ ಸದಸ್ಯನಿಗೂ ಷೇರು ಇದೆ, ಆದರೆ ಅದು ಬೇರೆ ಜಾತಿಯದು. ಸಂಘ ಎಷ್ಟು ಬೆಳೆದರೂ 1,000 ರೂಪಾಯಿಯ ಷೇರು ಬಿಟ್ಟು ಹೋಗುವಾಗ 1,000ಕ್ಕೇ ಹೋಗುತ್ತದೆ. ಲಾಭಾಂಶಕ್ಕೆ ಮಿತಿ ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 25 ಆಪದ್ಧನ ನಿಧಿಗೆ ಹೋಗಲೇಬೇಕು, ಆ ನಿಧಿ ಸದಸ್ಯರಲ್ಲಿ ಹಂಚಿಕೆಯಾಗುವುದಿಲ್ಲ. ಪೇಟೆಯ ಏರಿಳಿತಕ್ಕೆ ಪ್ರತಿಫಲ ಕೇಳುವ ಮನುಷ್ಯನೇ ಇಲ್ಲದ ಕಡೆ ಅವನ ದರವನ್ನು ತಂದು ಕೂರಿಸುವುದರಲ್ಲಿ ಅರ್ಥವಿಲ್ಲ.

ಇದರಿಂದ ಕೆಲವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಆಪದ್ಧನ ನಿಧಿಗೆ ಯಾರಿಗೂ ಬಡ್ಡಿ ಕೊಡಬೇಕಿಲ್ಲ, ಆದ್ದರಿಂದ ಅದರ ವೆಚ್ಚ ಸೊನ್ನೆ ಎನ್ನುತ್ತಾರೆ. ಕೊಡಬೇಕಿಲ್ಲ ನಿಜ. ಆದರೆ ಆ ಹಣ ಈಗ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು ಬಡ್ಡಿ ತರುತ್ತಿದೆ, ತೆಗೆದ ದಿನ ಆ ಬಡ್ಡಿ ನಿಲ್ಲುತ್ತದೆ. ಕೈಬಿಟ್ಟ ಬಡ್ಡಿಯೂ ವೆಚ್ಚವೇ.

ಶೇ 24ರ ವಾದಕ್ಕೆ ಹೆಚ್ಚು ಗೌರವ ಕೊಡಬೇಕು, ಏಕೆಂದರೆ ಅದು ಸದಸ್ಯನ ಬದುಕಿನಿಂದ ಬಂದದ್ದು. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲ ಶೂನ್ಯ ಬಡ್ಡಿಯದು, ಅದರ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೂ ಮದುವೆಗೆ, ದವಾಖಾನೆಗೆ, ಟ್ರ್ಯಾಕ್ಟರ್ ಕಂತಿಗೆ ಅಡತ್ಯಾನ ಬಾಗಿಲಿಗೆ ಹೋಗುವವರು ಇದ್ದೇ ಇದ್ದಾರೆ. ಶೂನ್ಯದಿಂದ ಶೇ 24ರವರೆಗೆ ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ದರ. ಇವನ್ನೆಲ್ಲ ಕೂಡಿಸಿ ಸಂಘಕ್ಕೆ ಒಂದು ದರ ಮಾಡಲಾಗದು. ಶೇ 24ರಲ್ಲಿ ಇಳಿಸಿದರೆ ನಮ್ಮ ಗೋದಾಮಿನ 20 ವರ್ಷದ ಗಳಿಕೆ ಬರೀ 31 ಲಕ್ಷ. ಆ ದರದಲ್ಲಿ ಸಂಘ ಏನನ್ನೂ ಕಟ್ಟಲಾರದು, ಸದಸ್ಯ ಅಡತ್ಯಾನ ಬಳಿಯೇ ಉಳಿಯುತ್ತಾನೆ. ಅವನಿಗೆ ಸಹಾಯ ಮಾಡಲು ಹೊರಟ ದರ ಅವನನ್ನೇ ಕಟ್ಟಿಹಾಕುತ್ತದೆ.

ಆ ಶೇ 24ಕ್ಕೆ ಲೆಕ್ಕದಲ್ಲಿ ಜಾಗ ಇಲ್ಲವೆಂದಲ್ಲ. ಅದರ ಜಾಗ ಬೇರೆ. ರೈತ ಗೋದಾಮಿನಲ್ಲಿ ತೊಗರಿ ಇಟ್ಟು, ಅದರ ರಸೀದಿಯ ಮೇಲೆ ಸಂಘದಿಂದ ಶೇ 10ಕ್ಕೆ ಅಡಮಾನ ಸಾಲ ಪಡೆಯುತ್ತಾನೆ ಎನ್ನಿ. ಒಂದು ಲಕ್ಷಕ್ಕೆ ಐದು ತಿಂಗಳಿಗೆ ಅಡತ್ಯಾನಿಗೆ 10,000 ರೂಪಾಯಿ ಬಡ್ಡಿ ಕಟ್ಟುತ್ತಿದ್ದವನು ಈಗ ಸಂಘಕ್ಕೆ 4,167 ಕಟ್ಟುತ್ತಾನೆ. ಉಳಿದದ್ದು 5,833. ಇಂಥ ನೂರು ಮಂದಿ ಇದ್ದರೆ ವರ್ಷಕ್ಕೆ 5.8 ಲಕ್ಷ ಸದಸ್ಯರ ಜೇಬಿನಲ್ಲಿ ಉಳಿಯುತ್ತದೆ. ಶೇ 24 ಕಾಣಿಸಿಕೊಳ್ಳಬೇಕಾದ್ದು ಇಲ್ಲಿ, ಲಾಭದ ಸಾಲಿನಲ್ಲಿ. ಆದರೆ ಈ 5.8 ಲಕ್ಷ ಸಂಘದ ಖಾತೆಗೆ ಬರುವುದಿಲ್ಲ, ಸಾಲದ ಕಂತು ಕಟ್ಟಲು ಅದು ಒದಗುವುದಿಲ್ಲ. ಅದಕ್ಕೇ ಅದನ್ನು 7.5ರ ಜೊತೆ ಕೂಡಿಸದೆ, ಕೆಳಗೆ ಬೇರೆ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಸಂಘದ ಲೆಕ್ಕ ಸೋತು ಸದಸ್ಯರ ಲೆಕ್ಕ ಗೆದ್ದರೆ, ಮಹಾಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿ ಒಪ್ಪಿಗೆ ಪಡೆಯಬೇಕು.

ಹಾಗಾದರೆ ದರ ಎಲ್ಲಿಂದ

ಪ್ರಶ್ನೆ ಒಂದೇ: ಈ ಗೋದಾಮು ಕಟ್ಟದಿದ್ದರೆ ಸಂಘದ ಮುಂದಿನ ರೂಪಾಯಿ ಎಲ್ಲಿಗೆ ಹೋಗುತ್ತಿತ್ತು, ಅಲ್ಲಿ ಎಷ್ಟು ಗಳಿಸುತ್ತಿತ್ತು? ಉತ್ತರ ಪುಸ್ತಕದಲ್ಲಿಲ್ಲ, ಸಂಘದ ತಾಳೆಪಟ್ಟಿಯಲ್ಲಿದೆ.

ನಮ್ಮ ಸಂಘಕ್ಕೆ ಎರಡು ದಾರಿಗಳಿವೆ. ಒಂದು, ಬ್ಯಾಂಕಿನ ಠೇವಣಿ, ಶೇ 7.5. ಇನ್ನೊಂದು, ಸದಸ್ಯರಿಗೆ ಬಂಗಾರದ ಸಾಲ ಮತ್ತು ವ್ಯಾಪಾರದ ಸಾಲ. ಅದರ ಬಡ್ಡಿ ಶೇ 12 ಎಂದು ಬರೆದಿರುತ್ತದೆ, ಆದರೆ ಕೈಗೆ ಹತ್ತುವುದು ಅಷ್ಟಲ್ಲ. ಸುಸ್ತಿಯಾಗಿ ಮುಳುಗುವುದು ನೂರಕ್ಕೆ 2, ಸಾಲ ಕೊಟ್ಟು ವಸೂಲಿ ಮಾಡುವ ಖರ್ಚು 1 ಕಳೆದರೆ ಶೇ 9. ಮುಳುಗುವ ಅಂಕಿಯನ್ನು ಒಂದು ಒಳ್ಳೆಯ ವರ್ಷದಿಂದ ತೆಗೆಯಬಾರದು. ಒಂದಾದರೂ ಬರಗಾಲ ಸೇರಿದ ಏಳೆಂಟು ವರ್ಷಗಳ ಸರಾಸರಿ ಬೇಕು.

ಎರಡರಲ್ಲಿ ಯಾವುದು? ಸಾಲ ಕೇಳಿ ಬಂದ ಸದಸ್ಯರನ್ನು ಹಣವಿಲ್ಲವೆಂದು ವಾಪಸು ಕಳಿಸುತ್ತಿದ್ದರೆ ಶೇ 9. ಕೇಳುವವರಿಲ್ಲದೆ ಹಣ ಠೇವಣಿಯಲ್ಲಿ ಕೊಳೆಯುತ್ತಿದ್ದರೆ ಶೇ 7.5. ಸಂಘವೇ ಶೇ 10.5ರ ಓವರ್‌ಡ್ರಾಫ್ಟ್ ಇಟ್ಟುಕೊಂಡಿದ್ದರೆ ಶೇ 10.5, ಏಕೆಂದರೆ ಕೈಗೆ ಬಂದ ರೂಪಾಯಿಯಿಂದ ಮೊದಲು ಮಾಡಬೇಕಾದ್ದು ಅದನ್ನು ತೀರಿಸುವುದು. ಈ ಮಾದರಿ ಸಂಘದಲ್ಲಿ ಸಾಲಕ್ಕೆ ಸರದಿ ಇದೆ. ಹಾಗಾಗಿ ಶೇ 9.

ಇಲ್ಲಿಗೆ ಮುಗಿಯುವುದಿಲ್ಲ. ಕಂಪನಿಯಂಥ ಷೇರುದಾರರಿಲ್ಲ ಎಂದ ಮಾತ್ರಕ್ಕೆ ಅಪಾಯವೂ ಇಲ್ಲ ಎಂದಾಗುವುದಿಲ್ಲ. ಗೋದಾಮು ಖಾಲಿ ಹೋದರೆ ನಷ್ಟ ಯಾರದೋ ಒಬ್ಬರದಾಗುತ್ತದೆ: ಪಿಗ್ಮಿ ಕಟ್ಟಿದವರದು, ಸಿಬ್ಬಂದಿಯದು, ಮುಂದಿನ ವರ್ಷ ಸಾಲ ಸಿಗದ ಸದಸ್ಯನದು. ಈ ಅಪಾಯದ ಹೆಚ್ಚು ಪಾಲನ್ನು ದರದಲ್ಲಿ ತುಂಬಬಾರದು, ಆದಾಯದಲ್ಲಿ ತೋರಿಸಬೇಕು. ತುಂಬಿದ ವರ್ಷದ ಅಂಕಿ ಬಿಟ್ಟು ಸರಾಸರಿ 48 ಹಿಡಿದದ್ದು ಅದಕ್ಕೇ. ದರಕ್ಕೆ ಸೇರಬೇಕಾದ ಅಪಾಯ ಒಂದೇ ಬಗೆಯದು. ಸಂಘದ ಗಳಿಕೆ ಬೀಳುವ ವರ್ಷವೂ ಸದಸ್ಯರ ಗಳಿಕೆ ಬೀಳುವ ವರ್ಷವೂ ಒಂದೇ ಆದರೆ, ಆ ಯೋಜನೆ ಬೇಡದಾಗ ಕೊಟ್ಟು ಬೇಕಾದಾಗ ಕೈಬಿಡುತ್ತದೆ. ಅದರ ರೂಪಾಯಿ ಸ್ವಲ್ಪ ಅಗ್ಗ, ಆದ್ದರಿಂದ ದರ ಸ್ವಲ್ಪ ಹೆಚ್ಚು. ಕಂಪನಿಗಳಲ್ಲಿ ಪೇಟೆಯ ಜೊತೆಗಿನ ಏರಿಳಿತವನ್ನು ಅಳೆಯುತ್ತಾರಲ್ಲ, ಇಲ್ಲಿ ಆ ಪೇಟೆಯ ಜಾಗದಲ್ಲಿ ಸದಸ್ಯರ ಹೊಲ ಇದೆ.

ತೊಗರಿ ಗೋದಾಮಿಗೆ ಇದು ಎರಡೂ ದಿಕ್ಕಿಗೆ ಎಳೆಯುತ್ತದೆ. 2022-23ರಲ್ಲಿ ನೆಟೆ ರೋಗ ಬಂದು ಈ ಭಾಗದ ತೊಗರಿ ನಿಂತಲ್ಲೇ ಒಣಗಿತು. ಅಂಥ ವರ್ಷ ರೈತನ ಕೈಯೂ ಖಾಲಿ, ಗೋದಾಮೂ ಖಾಲಿ. ಆದರೆ 2016-17ರಲ್ಲಿ ಬೆಳೆ ವಿಪರೀತ ಬಂದು ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅಂಥ ವರ್ಷ ರೈತನಿಗೆ ಕಷ್ಟ, ಗೋದಾಮಿಗೆ ಮಾತ್ರ ಜಾಗ ಸಾಲದಷ್ಟು ಚೀಲ. ಒಂದು ಕಷ್ಟದ ಜೊತೆ ಗೋದಾಮೂ ಮುಳುಗುತ್ತದೆ, ಇನ್ನೊಂದು ಕಷ್ಟದಲ್ಲಿ ಅದೇ ಆಸರೆಯಾಗುತ್ತದೆ. ಎರಡನ್ನೂ ತೂಗಿ ನಾವು 1 ಮಾತ್ರ ಸೇರಿಸುತ್ತೇವೆ: ಶೇ 10. ಈ 1 ಅಂದಾಜು. ಸೊನ್ನೆ ಎಂದರೂ ಎರಡು ಎಂದರೂ ಜಗಳ ಮಾಡುವುದಿಲ್ಲ, ಐದು ಎಂದರೆ ಮಾಡುತ್ತೇವೆ. ಗೊಬ್ಬರದ ಅಂಗಡಿಗೆ 2 ಸೇರಿಸಬಹುದು, ಮಳೆ ಹೋದ ವರ್ಷ ಅದರ ವ್ಯಾಪಾರವೂ ಹೋಗುತ್ತದೆ. ಬರಗಾಲದಲ್ಲೇ ಕೈಹಿಡಿಯುವ ಮೇವಿನ ಬ್ಯಾಂಕಿಗೆ ಶೇ 9ರಿಂದ 1 ಕಳೆಯಲೂಬಹುದು.

ಹಣದುಬ್ಬರ: ಹೆಚ್ಚು ಜನ ಎಡವುವ ಜಾಗ

ಶೇ 10 ಬ್ಯಾಂಕಿನ ಭಾಷೆಯ ದರ, ಅದರೊಳಗೆ ಹಣದುಬ್ಬರ ಸೇರಿದೆ. ನಮ್ಮ 7.5 ಲಕ್ಷ ಮಾತ್ರ ಹಣದುಬ್ಬರ ಬಿಟ್ಟ, ಇವತ್ತಿನ ಬೆಲೆಯ ಅಂಕಿ. ಇದನ್ನು ಅದರಲ್ಲಿ ಇಳಿಸಿದರೆ ಸೇರಿನಲ್ಲಿ ಅಳೆದು ಕಿಲೋದಲ್ಲಿ ಮಾರಿದಂತೆ. ಶೇ 10ರಲ್ಲಿ ಇಳಿಸಿ ನೋಡಿ: ಇಂದಿನ ಮೌಲ್ಯ 63.9 ಲಕ್ಷ, ಅಂದರೆ 16.1 ಲಕ್ಷ ನಷ್ಟ. ಗೋದಾಮು ಬೇಡ ಎನ್ನುತ್ತದೆ ಲೆಕ್ಕ.

ಸರಿಯಾದ ದಾರಿ ದರದಿಂದಲೂ ಹಣದುಬ್ಬರ ತೆಗೆಯುವುದು. ರಿಸರ್ವ್ ಬ್ಯಾಂಕಿನ ಗುರಿ ಶೇ 4, ದೀರ್ಘಾವಧಿಗೆ ಅದನ್ನೇ ಹಿಡಿಯೋಣ. 10ರಿಂದ 4 ಕಳೆದು 6 ಎನ್ನುವುದು ಸ್ಥೂಲ ಲೆಕ್ಕ. ನಿಖರವಾಗಿ 1.10ನ್ನು 1.04ರಿಂದ ಭಾಗಿಸಿದರೆ 1.058, ಅಂದರೆ ಶೇ 5.8. ಈಗ ಎಕ್ಸೆಲ್ ಹಾಳೆಯಲ್ಲಿ:

```
=1.10/1.04-1
=PV(5.8%,20,-7.5)-80
```

ಎರಡನೇ ಸಾಲಿನ ಉತ್ತರ 7.4 ಲಕ್ಷ, ಲಾಭದ ಕಡೆ. ಅದೇ ಗೋದಾಮು, ಅದೇ ಬಾಡಿಗೆ. ಹಣದುಬ್ಬರವನ್ನು ಒಂದು ಕಡೆ ಮರೆತದ್ದಕ್ಕೆ 16 ಲಕ್ಷ ನಷ್ಟ, ನೆನಪಿಟ್ಟದ್ದಕ್ಕೆ 7 ಲಕ್ಷ ಲಾಭ. `NPV` ಬಳಸುವವರಿಗೆ ಒಂದು ಮಾತು: ಅದು ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದೆಂದು ಇಳಿಸುತ್ತದೆ. ಇವತ್ತು ಹಾಕುವ 80 ಲಕ್ಷವನ್ನು ಅದರ ಕಂಸದೊಳಗೆ ಸೇರಿಸದೆ ಹೊರಗೆ ಕಳೆಯಬೇಕು.

ಇಷ್ಟೆಲ್ಲ ನಿಂತಿರುವುದು ಬಾಡಿಗೆ ಹಣದುಬ್ಬರದ ಜೊತೆ ಏರುತ್ತದೆ ಎಂಬುದರ ಮೇಲೆ. ಅದನ್ನು ನಂಬಬೇಕಿಲ್ಲ, ಪರೀಕ್ಷಿಸಬಹುದು. ಸುತ್ತಲಿನ ಗೋದಾಮುಗಳ ಹತ್ತು ವರ್ಷದ ಹಿಂದಿನ ಚೀಲದ ದರ ಕೇಳಿ. ಆಗ 7 ರೂಪಾಯಿ ಇದ್ದದ್ದು ಈಗ 10 ಆಗಿದ್ದರೆ ಏರಿಕೆ ವರ್ಷಕ್ಕೆ ಶೇ 3.6, ಹೆಚ್ಚುಕಡಿಮೆ ಸರಿ. ಆಗಲೂ 9 ಇದ್ದಿದ್ದರೆ ಬಾಡಿಗೆ ನಿಂತಲ್ಲೇ ನಿಂತಿದೆ, ಖರ್ಚು ಮಾತ್ರ ಏರಿದೆ. ಆಗ ವರ್ಷ ವರ್ಷದ ಅಂಕಿಗಳನ್ನು ನಿಜವಾದ ಏರಿಕೆಯೊಂದಿಗೆ ಬಿಡಿಸಿ ಬರೆದು ಶೇ 10ರಲ್ಲೇ ಇಳಿಸಬೇಕು, ಶೇ 5.8ರ ಹತ್ತಿರ ಹೋಗಬಾರದು.

ಎಲ್ಲವನ್ನೂ ಕೂಡಿಸಿದಾಗ

ಗೋದಾಮಿನದೇ ಬಲ 7.4 ಲಕ್ಷ, ಉಡುಗೊರೆ 16 ಲಕ್ಷ, ಒಟ್ಟು 23.4 ಲಕ್ಷ. ಕಟ್ಟಬಹುದು. ಸರಾಸರಿ 38ಕ್ಕೆ ನಿಲ್ಲುವ ಗೋದಾಮನ್ನು ಇದೇ ತಕ್ಕಡಿಗೆ ಹಾಕಿ: 5 ಲಕ್ಷದ ಇಂದಿನ ಮೌಲ್ಯ 58.3, ಅಂದರೆ 21.7 ಲಕ್ಷ ನಷ್ಟ. ಉಡುಗೊರೆ ಸೇರಿಸಿದರೂ 5.7 ಲಕ್ಷ ನಷ್ಟ. ಶೇ 1ರ ಜರಡಿ ಇದನ್ನೇ 10 ಲಕ್ಷ ಲಾಭವೆಂದು ಪಾಸು ಮಾಡಿತ್ತು. ಅಂಥ ಸಂಘದಲ್ಲಿ ಸರ್ಕಾರದ ಉಡುಗೊರೆ ಪೂರ್ತಿ ಗೋಡೆಯಲ್ಲಿ ಇಂಗಿಹೋಗಿ, ಮೇಲೆ ಆಪದ್ಧನ ನಿಧಿಯೂ ಸ್ವಲ್ಪ ಸೇರಿಹೋಗುತ್ತದೆ. ಏಳು ವರ್ಷ ಯಾರಿಗೂ ಅದು ಲೆಕ್ಕದಲ್ಲಿ ಕಾಣುವುದಿಲ್ಲ.

ದರದ ಬಗ್ಗೆ ಅರ್ಧ ಅಂಕ ಜಗ್ಗಾಡುವವರು ಇದನ್ನೂ ನೋಡಬೇಕು. ಶೇ 5.8ರ ಬದಲು 6.3 ಹಿಡಿದರೆ 7.4 ಲಕ್ಷ ಇಳಿದು 4.0 ಆಗುತ್ತದೆ. ಗುತ್ತಿಗೆದಾರ ತಡ ಮಾಡಿ ಒಂದು ರಾಶಿಯ ಹಂಗಾಮು ತಪ್ಪಿ, ಬಾಡಿಗೆ ಒಂದು ವರ್ಷ ತಡವಾಗಿ ಶುರುವಾದರೆ 2.6ಕ್ಕೆ ಇಳಿಯುತ್ತದೆ. ಡಿಸೆಂಬರ್ ಒಳಗೆ ಶಟರ್ ಏರಿಸುವುದು ದರದ ಅರ್ಧ ಅಂಕಕ್ಕಿಂತ ದೊಡ್ಡ ಮಾತು.

ಟ್ರಸ್ಟ್ ಆದರೆ ಇದೇ ಪ್ರಶ್ನೆಗೆ ಉತ್ತರ ಬೇರೆ. ಬೀದರಿನಲ್ಲೋ ಯಾದಗಿರಿಯಲ್ಲೋ ವಸತಿ ನಿಲಯ ನಡೆಸುವ ಧರ್ಮಾದಾಯ ಟ್ರಸ್ಟ್ ಸದಸ್ಯರಿಗೆ ಸಾಲ ಕೊಡುವುದಿಲ್ಲ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಮೂಲನಿಧಿಯನ್ನು ಕಾನೂನು ಹೇಳಿದ ಠೇವಣಿ, ಸರ್ಕಾರಿ ಪತ್ರಗಳಂಥ ಕಡೆ ಮಾತ್ರ ಹೂಡಬೇಕು. ಅದರ ಮುಂದಿನ ರೂಪಾಯಿಯ ಗಳಿಕೆ ಶೇ 7.5 ಎಂದಾದರೆ, ಹಣದುಬ್ಬರ ತೆಗೆದು ಶೇ 3.4. ಹಾಗಾಗಿ ನೀರು ಕಾಯಿಸುವ ಸೌದೆಯ ಖರ್ಚು ಉಳಿಸುವ ಸೌರ ಹೀಟರು ಟ್ರಸ್ಟ್‌ಗೆ ಲಾಭವಾಗಿ, ಅದೇ ಹೀಟರು ಸಹಕಾರ ಸಂಘಕ್ಕೆ ಲಾಭವಾಗದೆ ಇರಬಹುದು. ಎರಡೂ ಸರಿಯೇ. ಇನ್ನು ದಾನಿ "ಗ್ರಂಥಾಲಯಕ್ಕೆ ಮಾತ್ರ" ಎಂದು ಬರೆದುಕೊಟ್ಟ ಹಣಕ್ಕೆ ಬೇರೆ ದಾರಿಯೇ ಇಲ್ಲ. ಅಲ್ಲಿ ದರದ ಕೆಲಸ ಈ ವರ್ಷ ಕಟ್ಟುವುದೋ ಮೂರು ವರ್ಷ ಬಿಟ್ಟೋ ಎಂದು ನೋಡುವುದಷ್ಟೇ.

ಠರಾವು

ದರವನ್ನು ಯೋಜನೆ ಮೇಜಿಗೆ ಬರುವ ಮೊದಲೇ ಗೊತ್ತುಮಾಡಬೇಕು. ಬಂದ ಮೇಲೆ ಗೊತ್ತುಮಾಡಿದರೆ ಏನಾಗುತ್ತದೆಂದು ತಿಳಿಯಲು ಒಂದು ಉಪಾಯವಿದೆ. ಈ ಗೋದಾಮಿನಲ್ಲಿ ಲಾಭನಷ್ಟ ಸಮವಾಗುವ ದರ, ಹಣದುಬ್ಬರ ಬಿಟ್ಟು, ಶೇ 6.9. `=RATE(20,7.5,-80)` ಎಂದರೆ ಬರುತ್ತದೆ. ಕಾರ್ಯದರ್ಶಿ ತಂದ ವರದಿಯಲ್ಲಿ ದರ ಶೇ 6.75 ಎಂದಿದ್ದು, ಅದಕ್ಕೆ ಕಾರಣ ಒಂದು ಸಾಲೂ ಇಲ್ಲದಿದ್ದರೆ, ಉತ್ತರ ಮೊದಲು ಬಂದು ದರ ಆಮೇಲೆ ಬಂದಿದೆ ಎಂದು ತಿಳಿಯಬಹುದು.

ಏಪ್ರಿಲ್ ಸಭೆಯ ನಡಾವಳಿಯಲ್ಲಿ ಇಷ್ಟು ಬರೆದರೆ ಸಾಕು: "ಸಂಘದ ಹಣಕ್ಕೆ ಬೇರೆ ಉಪಯೋಗದಲ್ಲಿ ಸಿಗುವ ನಿವ್ವಳ ಗಳಿಕೆ ಶೇ 9 ಎಂದು ಕಳೆದ ವರ್ಷಗಳ ತಾಳೆಪಟ್ಟಿಯಿಂದ ಕಂಡುಬಂದಿದೆ. ಬೆಳೆಯ ಏರಿಳಿತಕ್ಕೆ ಒಳಪಡುವ ಯೋಜನೆಗಳಿಗೆ ಶೇ 1 ಸೇರಿಸತಕ್ಕದ್ದು. ಹಣದುಬ್ಬರ ಶೇ 4. ಸಹಾಯಧನ ಮತ್ತು ಕಡಿಮೆ ಬಡ್ಡಿಯ ಅನುಕೂಲವನ್ನು ದರದಲ್ಲಿ ಸೇರಿಸದೆ ರೂಪಾಯಿಯಲ್ಲಿ ಬೇರೆ ತೋರಿಸತಕ್ಕದ್ದು. ಈ ದರ ಮುಂದಿನ ಮಾರ್ಚ್ ಅಂತ್ಯದವರೆಗೆ ಎಲ್ಲ ಯೋಜನೆಗಳಿಗೂ ಅನ್ವಯ."

ಠರಾವು ಆದ ಮೇಲೆ ಶೇ 1ರ ನಿರ್ದೇಶಕರಿಗೂ ಶೇ 24ರ ನಿರ್ದೇಶಕರಿಗೂ ವಾದಿಸಲು ಉಳಿಯುವುದು ಒಂದೇ, ಗೋದಾಮು ನಿಜವಾಗಿ ಸರಾಸರಿ 48 ತುಂಬುತ್ತದೆಯೋ 38ಕ್ಕೇ ನಿಲ್ಲುತ್ತದೆಯೋ. ಅದಕ್ಕೆ ದರದ ಪುಸ್ತಕ ಬೇಡ. ಪಕ್ಕದ ಊರಿನ ಗೋದಾಮಿನ ದಾಸ್ತಾನು ಪುಸ್ತಕ ತರಿಸಿ, ಕಳೆದ ಐದು ವರ್ಷದ ಫೆಬ್ರುವರಿ ಮತ್ತು ಆಗಸ್ಟ್ ಪುಟಗಳನ್ನು ತೆರೆದು ಚೀಲ ಎಣಿಸಬೇಕು.